ಅದೇ 1,000 ಆರ್ಡರ್, ಐದು ತೀರ್ಪು: ಲಾಸ್ಟ್ ಕ್ಲಿಕ್ ಮತ್ತು ಅದರ ಎದುರಾಳಿಗಳ ಹೋಲಿಕೆ

ಒಂದು ಆರ್ಡರ್ ಬಂತು. ಅದು ಯಾವ ಜಾಹೀರಾತಿನಿಂದ ಬಂತು ಎಂದು ನಿರ್ಧರಿಸುವ ನಿಯಮಕ್ಕೆ ಅಟ್ರಿಬ್ಯೂಷನ್ ಮಾದರಿ ಎನ್ನುತ್ತಾರೆ. ಲಾಸ್ಟ್ ಕ್ಲಿಕ್ ಮಾದರಿ ಕೊನೆಯ ಕ್ಲಿಕ್ಕಿಗೆ ಪೂರ್ತಿ ಕ್ರೆಡಿಟ್ ಕೊಡುತ್ತದೆ, ಫಸ್ಟ್ ಕ್ಲಿಕ್ ಮೊದಲನೆಯದಕ್ಕೆ. ಲೀನಿಯರ್ ಎಲ್ಲ ಕ್ಲಿಕ್ಕುಗಳಿಗೂ ಸಮನಾಗಿ ಹಂಚುತ್ತದೆ. ಪೊಸಿಷನ್ ಬೇಸ್ಡ್ ಮೊದಲಿಗೆ 40, ಕೊನೆಗೆ 40, ನಡುವಿನವಕ್ಕೆಲ್ಲ ಸೇರಿಸಿ 20 ಶೇಕಡಾ ಕೊಡುತ್ತದೆ, ಎರಡೇ ಕ್ಲಿಕ್ ಇದ್ದರೆ ಅರ್ಧರ್ಧ. ಟೈಮ್ ಡಿಕೇಯಲ್ಲಿ ಆರ್ಡರಿಗೆ ಹತ್ತಿರವಾದ ಕ್ಲಿಕ್ಕಿಗೆ ಹೆಚ್ಚು ತೂಕ. ಹಿಂದೆ ಹೋದಂತೆ ಪ್ರತಿ 7 ದಿನಕ್ಕೆ ತೂಕ ಅರ್ಧವಾಗುತ್ತದೆ.

ಇವುಗಳ ವ್ಯತ್ಯಾಸ ಕಾಣಬೇಕಾದರೆ ಒಂದೇ ಲೆಕ್ಕದ ಮೇಲೆ ಐದನ್ನೂ ಓಡಿಸಬೇಕು. ಅದಕ್ಕಾಗಿ ಇಳಕಲ್ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವ ಒಂದು ಅಂಗಡಿ ಎಂದು ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ಮಾಡಿಕೊಂಡವು. ಹಾದಿಗಳ ಸ್ವರೂಪ ಮಾತ್ರ ಇಂಥ ಅಂಗಡಿಗಳಲ್ಲಿ ದಿನವೂ ಕಾಣುವಂಥದ್ದೇ. ತಿಂಗಳಿಗೆ 1,000 ಆರ್ಡರ್. ಸರಕಿನ ಬೆಲೆ, ಕೊರಿಯರ್ ಕಳೆದು ಆರ್ಡರಿಗೆ 1,500 ರೂಪಾಯಿ ಉಳಿಯುತ್ತದೆ. ಹಾಗಾಗಿ ಒಂದು ಆರ್ಡರ್ ತರಲು 1,500ಕ್ಕಿಂತ ಹೆಚ್ಚು ಸುರಿದರೆ ನಷ್ಟ.

ಖರ್ಚು ನಾಲ್ಕು ಕಡೆ. ಇನ್‌ಸ್ಟಾಗ್ರಾಂ ರೀಲ್ಸ್ ಜಾಹೀರಾತಿಗೆ 6 ಲಕ್ಷ. "ಇಳಕಲ್ ಸೀರೆ ಆನ್‌ಲೈನ್" ಥರದ ಸಾಮಾನ್ಯ ಹುಡುಕಾಟಕ್ಕೆ 4.5 ಲಕ್ಷ. ಅಂಗಡಿಯ ಹೆಸರನ್ನೇ ಹುಡುಕುವವರಿಗೆ ತೋರಿಸುವ ಬ್ರ್ಯಾಂಡ್ ಹುಡುಕಾಟಕ್ಕೆ 1.4 ಲಕ್ಷ. ಒಮ್ಮೆ ಬಂದು ಹೋದವರ ಬೆನ್ನು ಹತ್ತುವ ರಿಮಾರ್ಕೆಟಿಂಗಿಗೆ 1.6 ಲಕ್ಷ.

ಆರ್ಡರ್ ಬಂದ ಹಾದಿಗಳು ಹೀಗಿವೆ. 400 ಜನ ಮೊದಲು ರೀಲ್ಸ್ ಒತ್ತಿದರು, ವಾರದ ನಂತರ ಸಾಮಾನ್ಯ ಹುಡುಕಾಟದಿಂದ ಬಂದರು, ಇನ್ನೊಂದು ವಾರ ಬಿಟ್ಟು ಅಂಗಡಿಯ ಹೆಸರು ಹುಡುಕಿ ಕೊಂಡರು. 200 ಜನ ರೀಲ್ಸ್ ಒತ್ತಿ, ವಾರದ ಮೇಲೆ ಹೆಸರು ಹುಡುಕಿ ಕೊಂಡರು. 200 ಜನ ಸಾಮಾನ್ಯ ಹುಡುಕಾಟದಿಂದ ಬಂದು, ವಾರದ ಮೇಲೆ ರಿಮಾರ್ಕೆಟಿಂಗ್ ಜಾಹೀರಾತು ಒತ್ತಿ ಕೊಂಡರು. ಬರೀ ಬ್ರ್ಯಾಂಡ್ ಹುಡುಕಾಟದಿಂದ 100, ಬರೀ ಸಾಮಾನ್ಯ ಹುಡುಕಾಟದಿಂದ 100.

| ಮಾದರಿ | ರೀಲ್ಸ್ | ಸಾಮಾನ್ಯ ಹುಡುಕಾಟ | ಬ್ರ್ಯಾಂಡ್ ಹುಡುಕಾಟ | ರಿಮಾರ್ಕೆಟಿಂಗ್ |
|---|---|---|---|---|
| ಲಾಸ್ಟ್ ಕ್ಲಿಕ್ | 0 | 100 | 700 | 200 |
| ಟೈಮ್ ಡಿಕೇ | 124 | 281 | 462 | 133 |
| ಲೀನಿಯರ್ | 233 | 333 | 333 | 100 |
| ಪೊಸಿಷನ್ ಬೇಸ್ಡ್ | 260 | 280 | 360 | 100 |
| ಫಸ್ಟ್ ಕ್ಲಿಕ್ | 600 | 300 | 100 | 0 |

ಮೊದಲ ಸಾಲನ್ನು ಬಜೆಟ್ ಸಭೆಯ ಕಣ್ಣಿನಿಂದ ಓದಿ. ಬ್ರ್ಯಾಂಡ್ ಹುಡುಕಾಟದಲ್ಲಿ ಆರ್ಡರಿಗೆ 200 ರೂಪಾಯಿ, ರಿಮಾರ್ಕೆಟಿಂಗಿನಲ್ಲಿ 800, ಸಾಮಾನ್ಯ ಹುಡುಕಾಟದಲ್ಲಿ 4,500. ರೀಲ್ಸಿಗೆ 6 ಲಕ್ಷ ಹೋಗಿದೆ, ಒಂದು ಆರ್ಡರೂ ಇಲ್ಲ. ಈ ವರದಿ ಹಿಡಿದವರು ರೀಲ್ಸ್ ನಿಲ್ಲಿಸಿ ಆ ಹಣವನ್ನು ಬ್ರ್ಯಾಂಡಿಗೆ ಹಾಕುತ್ತಾರೆ. ಆದರೆ ಬ್ರ್ಯಾಂಡ್ ಹುಡುಕಾಟಕ್ಕೆ ಸುರಿಯಲು ಜಾಗವೇ ಇಲ್ಲ: ಅಂಗಡಿಯ ಹೆಸರು ಹುಡುಕುವವರು ಎಷ್ಟಿದ್ದಾರೋ ಅಷ್ಟೇ, ದುಡ್ಡು ಹಾಕಿದರೆ ಹುಡುಕುವವರು ಹೆಚ್ಚುವುದಿಲ್ಲ. ಮೇಲಾಗಿ ಆ 700ರಲ್ಲಿ 600 ಜನ ಹೆಸರನ್ನು ಮೊದಲು ಕಂಡದ್ದು ರೀಲ್ಸಿನಲ್ಲಿ.

ಏಟು ಕೂಡಲೇ ಬೀಳುವುದಿಲ್ಲ, ಈ ತಪ್ಪು ಬಹಳ ದಿನ ಬದುಕುವುದೇ ಅದರಿಂದ. ರೀಲ್ಸ್ ನಿಲ್ಲಿಸಿದ ಮೊದಲ ವಾರ, ಆಗಲೇ ನೋಡಿಟ್ಟವರು ಬಂದು ಕೊಳ್ಳುತ್ತಿರುತ್ತಾರೆ. ಖರ್ಚು ಇಳಿದು ಆರ್ಡರ್ ಹಾಗೇ ಇರುವುದರಿಂದ ವರದಿ ಇನ್ನೂ ಚೆನ್ನಾಗಿ ಕಾಣುತ್ತದೆ. ನಮ್ಮ ಲೆಕ್ಕದಲ್ಲಿ ಮೊದಲ ಕ್ಲಿಕ್ಕಿನಿಂದ ಆರ್ಡರಿಗೆ ಎರಡು ವಾರದವರೆಗೆ ಅಂತರವಿದೆ. ಕುಸಿತ ಪೂರ್ತಿ ಕಾಣುವುದು ಮೂರನೇ ವಾರ. ಅಷ್ಟರಲ್ಲಿ ಅದಕ್ಕೆ ಸೀಸನ್ ಮುಗಿದದ್ದೋ ಪೈಪೋಟಿಯೋ ಕಾರಣ ಎಂಬ ವಿವರಣೆ ಸಿದ್ಧವಾಗಿರುತ್ತದೆ. ಪತ್ತೆ ಹಚ್ಚಲು ನೋಡಬೇಕಾದ್ದು ಆರ್ಡರನ್ನಲ್ಲ, ಅಂಗಡಿ ಹೆಸರಿನ ಹುಡುಕಾಟದ ಇಂಪ್ರೆಷನ್ ಸಂಖ್ಯೆಯನ್ನು, ಅಂದರೆ ಆ ಹುಡುಕಾಟದಲ್ಲಿ ಅಂಗಡಿ ಎಷ್ಟು ಸಲ ಕಂಡಿತು ಎಂಬುದನ್ನು. ಗೂಗಲ್ ಹುಡುಕಾಟದ ಅಂಕಿ ತೋರಿಸುವ ಸರ್ಚ್ ಕನ್ಸೋಲಿನಲ್ಲಿ ಹೆಸರಿರುವ ಹುಡುಕಾಟಗಳನ್ನಷ್ಟೇ ಸೋಸಿ ವಾರವಾರಕ್ಕೆ ಹೋಲಿಸಿದರೆ, ಆರ್ಡರಿಗಿಂತ ಮೊದಲೇ ಆ ಗೆರೆ ಬಾಗುವುದು ಕಾಣುತ್ತದೆ.

ಹಾಗಾದರೆ ಉಳಿದ ನಾಲ್ಕರಲ್ಲಿ ಯಾವುದನ್ನು ನಂಬಬೇಕು? ರೀಲ್ಸ್ ಒಂದನ್ನೇ ಹಿಡಿದು ನೋಡಿ. ಫಸ್ಟ್ ಕ್ಲಿಕ್ ಪ್ರಕಾರ ಆರ್ಡರಿಗೆ 1,000 ರೂಪಾಯಿ: ಲಾಭ, ಇನ್ನೂ ಹಾಕಿ. ಪೊಸಿಷನ್ ಬೇಸ್ಡ್ ಪ್ರಕಾರ ಸುಮಾರು 2,300, ಲೀನಿಯರ್ ಪ್ರಕಾರ ಸುಮಾರು 2,570: ನಷ್ಟ, ಕಡಿಮೆ ಮಾಡಿ. ಟೈಮ್ ಡಿಕೇ ಪ್ರಕಾರ 4,800 ದಾಟುತ್ತದೆ: ನಿಲ್ಲಿಸಿ. ಆರ್ಡರ್ ಅವೇ, ಹಾದಿ ಅವೇ, ಸಲಹೆ ಮಾತ್ರ ತದ್ವಿರುದ್ಧ. ಹಂಚಿಕೆಯ ಪ್ರಮಾಣವನ್ನು ಯಾರೋ ಮೊದಲೇ ಗೊತ್ತುಮಾಡಿಟ್ಟದ್ದು. 40-20-40 ಎಂಬುದಕ್ಕೆ ಗಿರಾಕಿಯ ಮನಸ್ಸಿನಲ್ಲಿ ಆಧಾರವೇನೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಪೈಕಿ ಹೆಚ್ಚು ಉಪಯೋಗ ಬರುವುದು ಫಸ್ಟ್ ಕ್ಲಿಕ್ಕನ್ನೂ ಲಾಸ್ಟ್ ಕ್ಲಿಕ್ಕನ್ನೂ ಅಕ್ಕಪಕ್ಕ ಇಟ್ಟುಕೊಳ್ಳುವುದು. ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಅಂಕಿ ಬರುವ ಚಾನೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ರೀಲ್ಸಿನಂತೆ 0 ಮತ್ತು 600 ಬಂದರೆ ವರದಿ ನೋಡಿ ತೀರ್ಮಾನ ಮಾಡಬಾರದು, ಪರೀಕ್ಷೆಗೆ ಹಾಕಬೇಕು.

ಈ ಪಟ್ಟಿ ಈಗ ಸಿದ್ಧವಾಗಿ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಫಸ್ಟ್ ಕ್ಲಿಕ್, ಲೀನಿಯರ್, ಟೈಮ್ ಡಿಕೇ, ಪೊಸಿಷನ್ ಬೇಸ್ಡ್ ನಾಲ್ಕನ್ನೂ ಗೂಗಲ್ 2023ರಲ್ಲಿ ತನ್ನ ಆ್ಯಡ್ಸ್ ಮತ್ತು ಅನಲಿಟಿಕ್ಸಿನಿಂದ ತೆಗೆದುಹಾಕಿತು. ಉಳಿದದ್ದು ಲಾಸ್ಟ್ ಕ್ಲಿಕ್ಕಿನ ರೂಪಗಳು ಮತ್ತು ಡೇಟಾ ಡ್ರಿವನ್. ಹಳೆಯವು ಬೇಕಾದರೆ ಗೂಗಲ್ ಅನಲಿಟಿಕ್ಸಿನ ಈಗಿನ ಆವೃತ್ತಿಯಾದ GA4ನ Advertising ವಿಭಾಗದಲ್ಲಿ Attribution paths ವರದಿ ತೆರೆದು, ಹಾದಿಗಳನ್ನು ಶೀಟಿಗೆ ಇಳಿಸಿಕೊಂಡು ಕೈಯಲ್ಲಿ ಲೆಕ್ಕ ಹಾಕಬೇಕು. ಟೈಮ್ ಡಿಕೇಗೆ ಪ್ರತಿ ಕ್ಲಿಕ್ಕಿನ ದಿನವೂ ಬೇಕು, ಅದು ಈ ವರದಿಯಲ್ಲಿ ಸಿಗುವುದಿಲ್ಲ. ಬೇರೆ ಕಡೆಯಿಂದ ಅದು ಸಿಕ್ಕಿ, A2ರಲ್ಲಿ ಕ್ಲಿಕ್ಕಿನಿಂದ ಆರ್ಡರಿಗಿರುವ ದಿನಗಳ ಸಂಖ್ಯೆ ಇದ್ದರೆ:

```
=2^(-A2/7)
```

ಬಂದ ತೂಕವನ್ನು ಆ ಹಾದಿಯ ಎಲ್ಲ ತೂಕಗಳ ಮೊತ್ತದಿಂದ ಭಾಗಿಸಿದರೆ ಪಾಲು ಸಿಗುತ್ತದೆ. 14, 7 ಮತ್ತು 0 ದಿನಗಳ ಹಾದಿಗೆ ತೂಕ 0.25, 0.5, 1, ಪಾಲು ಏಳರಲ್ಲಿ ಒಂದು, ಎರಡು, ನಾಲ್ಕು.

ಡೇಟಾ ಡ್ರಿವನ್ ಮಾದರಿ ಇವಕ್ಕಿಂತ ಒಂದು ಹೆಜ್ಜೆ ಮುಂದೆ. ಕೊಂಡವರ ಹಾದಿಯನ್ನೂ ಕೊಳ್ಳದವರ ಹಾದಿಯನ್ನೂ ಹೋಲಿಸಿ, ಒಂದು ಕ್ಲಿಕ್ ಇದ್ದಾಗ ಆರ್ಡರಿನ ಸಾಧ್ಯತೆ ಎಷ್ಟು ಏರುತ್ತದೆ ಎಂದು ಅಂದಾಜು ಮಾಡುತ್ತದೆ. ಗೂಗಲ್ ಆ್ಯಡ್ಸಿನಲ್ಲಿ ಬಿಡ್ಡಿಂಗನ್ನು, ಅಂದರೆ ಕ್ಲಿಕ್ಕಿಗೆ ಎಷ್ಟು ಬೆಲೆ ಕೂಗಬೇಕೆಂಬುದನ್ನು, ಯಂತ್ರಕ್ಕೆ ಬಿಟ್ಟಿದ್ದರೆ, ಆರ್ಡರುಗಳನ್ನು ಎಣಿಸುವ ಕನ್ವರ್ಷನ್ ಸೆಟ್ಟಿಂಗಿನಲ್ಲಿ ಲಾಸ್ಟ್ ಕ್ಲಿಕ್ಕಿನ ಬದಲು ಇದನ್ನೇ ಇಡುವುದು ವಾಸಿ. ಇಲ್ಲವಾದರೆ ಯಂತ್ರವೂ ಹೆಸರು ಹುಡುಕುವವರ ಹಿಂದೆಯೇ ಬೀಳುತ್ತದೆ.

ಆದರೆ ಅದು ಕೂಡ ತನಗೆ ಕಂಡ ಹಾದಿಯನ್ನು ಮಾತ್ರ ಹಂಚಬಲ್ಲದು, ಕಾಣದ್ದು ಬಹಳ. ಇನ್‌ಸ್ಟಾಗ್ರಾಂ ಜಾಹೀರಾತು ಒತ್ತಿದಾಗ ಪುಟ ಸಾಮಾನ್ಯವಾಗಿ ಆ ಆ್ಯಪಿನ ಒಳಗಿನ ಬ್ರೌಸರಿನಲ್ಲಿ ತೆರೆಯುತ್ತದೆ. ಆಮೇಲೆ ಅದೇ ಗಿರಾಕಿ ಅದೇ ಫೋನಿನಲ್ಲಿ ಕ್ರೋಮ್ ತೆರೆದು ಅಂಗಡಿಯ ಹೆಸರು ಹುಡುಕಿದರೆ ಆಕೆಯನ್ನು ಗುರುತಿಸುವ ಕುಕೀ ಬೇರೆ. ಲಾಗಿನ್ ಮಾಡದಿದ್ದರೆ ಅನಲಿಟಿಕ್ಸಿಗೆ ಆಕೆ ಹೊಸಬಳು. ನಮ್ಮ ಲೆಕ್ಕದ "ಬರೀ ಬ್ರ್ಯಾಂಡ್" 100 ಜನರಲ್ಲಿ ಇಂಥವರು ಎಷ್ಟೋ ಇರಬಹುದು. ರೀಲ್ಸ್ ನೋಡಿ ಒತ್ತದೆ ಬಿಟ್ಟವರ ಸುಳಿವಂತೂ GA4ಗೆ ಸಿಗುವುದೇ ಇಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿ "ಇದು ಇದೆಯಾ?" ಎಂದು ಕೇಳಿ ಕೊಂಡವರು ಯಾವ ಮಾದರಿಯಲ್ಲೂ ಇಲ್ಲ. ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ವರದಿಯನ್ನು ತಂದು ಈ ಕೊರತೆ ತುಂಬಿಸಲು ಹೋದರೆ ಇನ್ನೊಂದು ತೊಡಕು: ಆರ್ಡರನ್ನು ತನ್ನದೆನ್ನಲು ಅದು ಮೊದಲೇ ಇಟ್ಟುಕೊಂಡ ಅವಧಿ ಕ್ಲಿಕ್ಕಿಗೆ 7 ದಿನ, ನೋಡಿದ್ದಕ್ಕೆ 1 ದಿನ. ಅದೇ ಆರ್ಡರನ್ನು ಗೂಗಲ್ ಕೂಡ ತನ್ನದೆನ್ನುವುದರಿಂದ ಎರಡೂ ಕಡೆಯ ಮೊತ್ತ ನಿಜವಾದ ಆರ್ಡರುಗಳನ್ನು ಮೀರಬಹುದು.

ಆದ್ದರಿಂದ ಕೊನೆಯ ಎದುರಾಳಿ ಮಾದರಿಯೇ ಅಲ್ಲ, ಊರುಗಳ ಪರೀಕ್ಷೆ. ಕೆಲವು ಊರುಗಳಲ್ಲಿ ರೀಲ್ಸ್ ನಿಲ್ಲಿಸಿ, ಕೆಲವು ಕಡೆ ಹಾಗೇ ಬಿಟ್ಟು ನೋಡುವುದು. ಮಂಗಳೂರು, ಹುಬ್ಬಳ್ಳಿಯಲ್ಲಿ ನಿಲ್ಲಿಸಿ, ಮೈಸೂರು, ಬೆಳಗಾವಿಯಲ್ಲಿ ಬಿಟ್ಟೆವು ಎನ್ನಿ. ಹಿಂದಿನ ನಾಲ್ಕು ವಾರ ನಿಲ್ಲಿಸುವ ಊರುಗಳಲ್ಲಿ 160, ಬಿಟ್ಟ ಊರುಗಳಲ್ಲಿ 200 ಆರ್ಡರ್. ನಿಲ್ಲಿಸಿದ ನಾಲ್ಕು ವಾರದಲ್ಲಿ ಬಿಟ್ಟ ಊರುಗಳಲ್ಲಿ 220 ಬಂತು, ಅಂದರೆ ಹತ್ತನೇ ಒಂದು ಪಾಲು ಏರಿಕೆ. ಅದೇ ಏರಿಕೆ ನಿಲ್ಲಿಸಿದ ಕಡೆಯೂ ಇರಬೇಕಿತ್ತು: 176. ಬಂದದ್ದು 96. ಕಳೆದುಕೊಂಡದ್ದು 80 ಆರ್ಡರ್, ಉಳಿಸಿದ ಖರ್ಚು 1,05,000. ಹಾಗಾಗಿ ರೀಲ್ಸ್ ತಂದ ಒಂದು ಆರ್ಡರಿನ ಬೆಲೆ ಸುಮಾರು 1,310 ರೂಪಾಯಿ. ಲಾಸ್ಟ್ ಕ್ಲಿಕ್ ಸೊನ್ನೆ ಕೊಟ್ಟದ್ದಕ್ಕೆ, ಲೀನಿಯರ್ ನಷ್ಟವೆಂದದ್ದಕ್ಕೆ ಇಲ್ಲಿ ಲಾಭ ಕಾಣುತ್ತಿದೆ.

ಈ 80 ಎಂಬ ಅಂಕಿಯನ್ನೂ ಕಲ್ಲಿನಲ್ಲಿ ಕೆತ್ತಬಾರದು. ಆರ್ಡರುಗಳು ತಾವಾಗಿಯೇ ಏರಿಳಿಯುತ್ತವೆ. 160, 200, 220, 96 ನಾಲ್ಕರ ಏರಿಳಿತವೂ ಸೇರಿದರೆ 80ರ ಅತ್ತಿತ್ತ ಸುಮಾರು 25 ಆರ್ಡರಿನ ಸಹಜ ತಪ್ಪು ಇರುತ್ತದೆ. ಎಚ್ಚರಿಕೆಯಿಂದ ಅದರ ಎರಡರಷ್ಟು ಹಿಡಿದರೆ ನಿಜವಾದ ನಷ್ಟ 30 ಇರಬಹುದು, 130ರವರೆಗೂ ಹೋಗಬಹುದು. ಎಂದರೆ ರೀಲ್ಸ್ ಆರ್ಡರ್ ತರುತ್ತದೆ ಎಂಬುದು ಖಚಿತ, 1,500ರ ಒಳಗೆ ತರುತ್ತದೆ ಎಂಬುದು ಇನ್ನೂ ಖಚಿತವಲ್ಲ. ಆಗ ಮಾಡಬೇಕಾದ್ದು ಇನ್ನೆರಡು ಊರು ಸೇರಿಸಿ, ಅದಲು ಬದಲು ಮಾಡಿ, ಇನ್ನೊಂದು ಸುತ್ತು ಓಡಿಸುವುದು. ಅಲ್ಲಿಯವರೆಗೆ ಬಜೆಟ್ ಇದ್ದಂತೆ ಇರಲಿ. ನಾಲ್ಕು ವಾರಕ್ಕೆ ಇಪ್ಪತ್ತೇ ಆರ್ಡರ್ ಬರುವ ಊರಿನಲ್ಲಿ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಊರನ್ನು GA4ನಿಂದ ತೆಗೆದುಕೊಳ್ಳುವುದು. ಅದು ಐಪಿ ನೋಡಿ ಊಹಿಸಿದ ಊರು, ಮೊಬೈಲ್ ನೆಟ್‌ವರ್ಕಿನಲ್ಲಿ ಹಲವು ಸಲ ತಪ್ಪಿರುತ್ತದೆ. ಆರ್ಡರಿನ ವಿಳಾಸದ ಪಿನ್‌ಕೋಡ್ ಹಿಡಿದೇ ಎಣಿಸಿ. ಇನ್ನೊಂದು, ಹಬ್ಬದ ಸಮಯ. ವರಮಹಾಲಕ್ಷ್ಮಿ, ದಸರೆಯ ಮುಂಚಿನ ವಾರಗಳಲ್ಲಿ ಸೀರೆಯ ಬೇಡಿಕೆ ಎಲ್ಲ ಊರಲ್ಲೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ, ಹೋಲಿಕೆಯ ಬುಡವೇ ಅಲುಗುತ್ತದೆ.

ಇದೇ ಪರೀಕ್ಷೆಯನ್ನು ಬ್ರ್ಯಾಂಡ್ ಹುಡುಕಾಟಕ್ಕೂ ಹಚ್ಚಬೇಕು, ಲಾಸ್ಟ್ ಕ್ಲಿಕ್ ಅತಿ ಹೆಚ್ಚು ಹೊಗಳಿದ್ದು ಅದನ್ನೇ. ಇಬೇ 2012ರಲ್ಲಿ ಯಾಹೂ ಮತ್ತು ಎಂಎಸ್‌ಎನ್‌ನಲ್ಲಿ ತನ್ನ ಹೆಸರಿನ ಹುಡುಕಾಟದ ಜಾಹೀರಾತು ನಿಲ್ಲಿಸಿದಾಗ, ಜಾಹೀರಾತಿನಿಂದ ಬರುತ್ತಿದ್ದ ಕ್ಲಿಕ್ಕುಗಳಲ್ಲಿ 99.5 ಶೇಕಡಾ ಕೆಳಗಿನ ಪುಕ್ಕಟೆ ಕೊಂಡಿಯ ಮೂಲಕವೇ ಬಂದವು. ಇಬೇ ಎಲ್ಲರಿಗೂ ಗೊತ್ತಿದ್ದ ಹೆಸರು. ಸಣ್ಣ ಅಂಗಡಿಯ ಹೆಸರಿನ ಮೇಲೆ ಪೈಪೋಟಿಯವರು ಬಿಡ್ ಮಾಡುತ್ತಿದ್ದರೆ ಫಲಿತಾಂಶ ಬೇರೆಯಾಗಬಹುದು. ಗೂಗಲ್ ಆ್ಯಡ್ಸಿನ Auction insights ವರದಿಯಲ್ಲಿ ನಿಮ್ಮ ಹೆಸರಿನ ಕೀವರ್ಡಿಗೆ ಬೇರೆಯವರ ಡೊಮೇನ್ ಕಾಣುತ್ತಿಲ್ಲವಾದರೆ, ಮೊದಲು ಒಂದೆರಡು ಊರಿನಲ್ಲಿ ಅದನ್ನು ನಿಲ್ಲಿಸಿ, ಪುಕ್ಕಟೆ ಕ್ಲಿಕ್ಕು ಮತ್ತು ಪಿನ್‌ಕೋಡ್‌ವಾರು ಆರ್ಡರನ್ನು ನಾಲ್ಕು ವಾರ ಎಣಿಸಿ.