ಮೆಸೇಜ್ ಸಾಕಾ, ಫೋನ್ ಮಾಡಬೇಕಾ?

ಗೆಳೆಯನಿಗೆ ಸಾಲ ಕೊಟ್ಟಿದ್ದೀರಿ, ಹೇಳಿದ ದಿನ ದಾಟಿದೆ. ಮೊದಲ ನೆನಪಿಗೆ ಮೆಸೇಜೇ ಒಳ್ಳೆಯದು. ಅವನು ಮುಜುಗರಪಡದೆ, ಯೋಚಿಸಿ ಉತ್ತರ ಕೊಡಬಹುದು. ಫೋನ್ ಮಾಡಿದರೆ ತಕ್ಷಣ ಏನಾದರೂ ಹೇಳಲೇಬೇಕು, ಆಗ ಸುಮ್ನೆ ಒಂದು ತಾರೀಕು ಹೇಳಿಬಿಡುತ್ತಾನೆ.

ಆದರೆ "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಉತ್ತರ ಬಂತು ಅಂದುಕೊಳ್ಳಿ. ನೀವು "ಹಾಗಲ್ಲ" ಅಂತ ಬರೆದಿರಿ. ಅವನಿಂದ "ಸರಿ ಬಿಡು" ಅಂತ ಬಂತು. ಮಾತು ದುಡ್ಡಿನಿಂದ ನಂಬಿಕೆಗೆ ಜಾರಿತು, ಅಲ್ವಾ? ನನ್ನ ಪ್ರಕಾರ ಬರೆಯುವುದನ್ನು ನಿಲ್ಲಿಸಬೇಕಾದ ಜಾಗ ಇದೇ. "ಸರಿ ಬಿಡು" ಅನ್ನುವುದು ಕೋಪವೋ, ಬೇಸರವೋ, ನಾಚಿಕೆಯೋ ಅಕ್ಷರದಲ್ಲಿ ಗೊತ್ತಾಗುವುದಿಲ್ಲ. ದನಿಯಲ್ಲಿ ಗೊತ್ತಾಗುತ್ತದೆ. ಎರಡನೇ ಸಲ ವಿವರಣೆ ಬರೆಯಲು ಹೊರಟರೆ ಅದು ಉದ್ದವಾಗುತ್ತದೆ, ಉದ್ದದ ಮೆಸೇಜ್ ಆರೋಪಪಟ್ಟಿಯಂತೆ ಕಾಣುತ್ತದೆ.

ಹಾಗಂತ ದಿಢೀರ್ ಫೋನ್ ಬೇಡ. ಅವನ ಪಕ್ಕದಲ್ಲಿ ಮನೆಯವರಿರಬಹುದು. "ಬರೆದು ತಪ್ಪು ತಿಳಿಯುವ ಹಾಗಾಯ್ತು. ಸಂಜೆ ಹತ್ತು ನಿಮಿಷ ಮಾತಾಡೋಣ್ವಾ? ನಿನಗೆ ಯಾವಾಗ ಅನುಕೂಲ?" ಅಂತ ಕೇಳಿ. ಬರೀ "ಮಾತಾಡಬೇಕು" ಅಂದರೆ ಸಂಜೆವರೆಗೂ ಗಾಬರಿ. ಫೋನಿನಲ್ಲಿ ಮೊದಲು ಅವನ ಕಷ್ಟ ಕೇಳಿ, ತಾರೀಕು ಆಮೇಲೆ.

ಒಪ್ಪಿದ ಕಂತು, ದಿನಗಳನ್ನು ಮತ್ತೆ ಮೆಸೇಜಿನಲ್ಲೇ ಹಾಕಿ. ಮಾತು ಮರೆತುಹೋಗುತ್ತದೆ. ಫೋನಿನಲ್ಲಿ ಕಿರುಚುವ, ಹೆದರಿಸುವ ಮನುಷ್ಯನಾದರೆ ಮಾತ್ರ ಕೊನೆವರೆಗೂ ಬರಹದಲ್ಲೇ ಇರಿ.