ಪ್ಯಾಕೆಟ್ ಹಾಲೋ ಬಿಡಿ ಹಾಲೋ? ಲೀಟರ್ ಬಿಟ್ಟು ಗ್ರಾಂನಲ್ಲಿ ಲೆಕ್ಕ ಹಾಕಿ ನೋಡಿದೆ

ನಾವಿರುವುದು ತುಮಕೂರಿನ ಅಂಚಿನ ಒಂದು ಬಡಾವಣೆಯಲ್ಲಿ. ಇಲ್ಲಿ ಹಾಲು ಮೂರು ದಾರಿಯಲ್ಲಿ ಬರುತ್ತದೆ. ಅಂಗಡಿಯಲ್ಲಿ ನಂದಿನಿ ಪ್ಯಾಕೆಟ್ ಸಿಗುತ್ತದೆ. ಬೈಕಿಗೆ ಕ್ಯಾನ್ ಕಟ್ಟಿಕೊಂಡು ಒಬ್ಬರು ಬಿಡಿ ಹಾಲು ತರುತ್ತಾರೆ. ಪಕ್ಕದ ಹಳ್ಳಿಯಲ್ಲಿ ಹಸು ಸಾಕಿರುವ ಒಬ್ಬರು ಮನೆ ಬಾಗಿಲಲ್ಲೇ ಕರೆದು ಕೊಡುತ್ತಾರೆ. ಬಿಡಿ ಹಾಲು ಎರಡು ಕಡೆಯೂ ಲೀಟರಿಗೆ 60 ರೂಪಾಯಿ. ನೀಲಿ ಪ್ಯಾಕೆಟ್ 46. "ಪ್ಯಾಕೆಟ್ ಬರೀ ನೀರು, ದುಡ್ಡು ಜಾಸ್ತಿಯಾದ್ರೂ ಬಿಡಿ ಹಾಲೇ ಗಟ್ಟಿ" ಅನ್ನುವುದು ಬಡಾವಣೆಯ ಬಹುಪಾಲು ಜನರ ಮಾತು. ನಿಜವಾ ಎಂದು ತಿಳಿಯಬೇಕಿತ್ತು. ಮೂರನ್ನೂ ಕೊಂಡು, ತೂಗಿ, ಫ್ಯಾಟ್ ನೋಡಿಸಿ, ಲೆಕ್ಕ ಹಾಕಿದೆ.

ಮೊದಲು ಪ್ಯಾಕೆಟ್ ವಿಷಯ. ಬಣ್ಣ ಬದಲಾದರೆ ಒಳಗಿನ ಕೊಬ್ಬು ಬದಲಾಗುತ್ತದೆ. ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಅದರಲ್ಲಿ ಕೊಬ್ಬು ಶೇ. 3. ಹಸಿರು ಪ್ಯಾಕೆಟ್ ಹಸುವಿನ ಹಾಲು, ಶೇ. 3.5. ಕಿತ್ತಳೆ ಬಣ್ಣದ ಶುಭಂನಲ್ಲಿ ಶೇ. 4.5. ಕೊಬ್ಬಿನ ಜೊತೆ ಇನ್ನೊಂದು ಅಂಶವೂ ಇದೆ, ಡೈರಿಯವರು ಅದನ್ನು ಎಸ್‌ಎನ್‌ಎಫ್ ಅನ್ನುತ್ತಾರೆ. ನೀರು ಮತ್ತು ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಪ್ರೋಟೀನ್, ಸಕ್ಕರೆ, ಖನಿಜ ಎಲ್ಲ ಸೇರಿ ಅದು. ಈ ಮೂರು ಪ್ಯಾಕೆಟ್‌ಗಳಲ್ಲೂ ಅದು ಶೇ. 8.5. ಮೊಸರು ಗಟ್ಟಿಯಾಗಿ ಹೆಪ್ಪಾಗುವುದಕ್ಕೆ ಕೊಬ್ಬಿಗಿಂತ ಹೆಚ್ಚಾಗಿ ಈ ಎಸ್‌ಎನ್‌ಎಫ್ ಕಾರಣ. ನೀಲಿ ಪ್ಯಾಕೆಟ್ಟಿನ ಮೊಸರೂ ಚೆನ್ನಾಗಿಯೇ ಬರುವುದು ಇದರಿಂದ.

2025ರ ಏಪ್ರಿಲ್ 1ರಿಂದ ಲೀಟರಿಗೆ ನೀಲಿ 46, ಹಸಿರು 50, ಶುಭಂ 52 ರೂಪಾಯಿ ಆಯಿತು. ನನ್ನ ಲೆಕ್ಕವೆಲ್ಲ ಈ ದರದ್ದು. ದರ ಬದಲಾಗಿದ್ದರೆ ಹೊಸದನ್ನು ಹಾಕಿ ಇದೇ ರೀತಿ ಗುಣಿಸಿಕೊಳ್ಳಬಹುದು.

ಈ ಏರಿಕೆಯಲ್ಲಿ ಹಲವರು ಗಮನಿಸದ ಒಂದು ಸಂಗತಿ ಇದೆ. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿ, ಜೊತೆಗೆ 50 ಮಿಲಿ ಹಾಲನ್ನೂ ಸೇರಿಸಿದ್ದರು. ನೀಲಿ ಹಾಲು 44 ರೂಪಾಯಿಗೆ 1,050 ಮಿಲಿ ಬರುತ್ತಿತ್ತು. ಅಂದರೆ ಲೀಟರಿಗೆ ಸುಮಾರು 41 ರೂಪಾಯಿ 90 ಪೈಸೆ. 2025ರಲ್ಲಿ ಪ್ಯಾಕೆಟ್ ಮತ್ತೆ 1 ಲೀಟರಿಗೆ ಇಳಿಯಿತು, ಬೆಲೆ 46 ಆಯಿತು. ಅಂಗಡಿಯಲ್ಲಿ ನಾವು ಕೊಡುವ ದುಡ್ಡು 2 ರೂಪಾಯಿ ಜಾಸ್ತಿಯಾದಂತೆ ಕಂಡರೂ, ಲೀಟರ್ ಲೆಕ್ಕದಲ್ಲಿ ಏರಿದ್ದು 4 ರೂಪಾಯಿ. ಪ್ಯಾಕೆಟ್ ಬೆಲೆ ನೋಡುವಾಗ ಅದರ ಮಿಲಿಯನ್ನೂ ಓದಲೇಬೇಕು ಅನ್ನುವುದು ಇದಕ್ಕೇ. ಅರ್ಧ ಲೀಟರ್ ಪ್ಯಾಕೆಟ್ಟಿಗೂ ಇದೇ ಮಾತು. ನೀಲಿ ಹಾಲು ಅರ್ಧ ಲೀಟರಿಗೆ 24. ಅಂಥವು ಎರಡು ಕೊಂಡರೆ 48. ದಿನಕ್ಕೆ ಒಂದು ಲೀಟರ್ ಬೇಕಾದ ಮನೆಯವರು ಸುಮ್ನೆ ಎರಡು ಅರ್ಧ ತಂದರೆ ತಿಂಗಳಿಗೆ 60 ರೂಪಾಯಿ ಹೆಚ್ಚು ಹೋಗುತ್ತದೆ.

ಈಗ ಬಿಡಿ ಹಾಲು. ಇಲ್ಲಿ ಎರಡು ಪ್ರಶ್ನೆ. ಲೀಟರ್ ಅಂದರೆ ಒಂದು ಲೀಟರ್ ಇದೆಯಾ? ಅದರೊಳಗೆ ಇರುವುದು ಹಾಲೇನಾ?

ಮೊದಲನೆಯದನ್ನು ಅಡುಗೆಮನೆಯ ತಕ್ಕಡಿಯಲ್ಲೇ ನೋಡಬಹುದು. ಒಂದು ಲೀಟರ್ ಹಾಲು ಸುಮಾರು 1,030 ಗ್ರಾಂ ತೂಗುತ್ತದೆ, ನೀರಿಗಿಂತ ತುಸು ಭಾರ. ಖಾಲಿ ಪಾತ್ರೆಯನ್ನು ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ಹಾಲು ಹಾಕಿಸಿಕೊಂಡು ಬಂದು ತೂಗಿದರೆ ಮುಗಿಯಿತು. ಬೈಕಿನವರ "ಒಂದು ಲೀಟರ್" ನಮ್ಮ ತಕ್ಕಡಿಯಲ್ಲಿ 965 ಗ್ರಾಂ ತೂಗಿತು. ಕಾರಣ ನೊರೆ. ಕ್ಯಾನ್ ಕುಲುಕಿಕೊಂಡು ಬಂದಿರುತ್ತದೆ, ಅಳತೆಯ ಪಾತ್ರೆಯನ್ನು ರಭಸದಿಂದ ಅದ್ದಿ ಎತ್ತುತ್ತಾರೆ, ಮೇಲೆ ಒಂದು ಬೆರಳಷ್ಟು ಬರೀ ಗಾಳಿ. ಹಳ್ಳಿಯ ಆ ಹೆಂಗಸಿನ ಹತ್ತಿರ ಹೋದಾಗ "ನೊರೆ ಇಳೀಲಿ ಇರಿ ಅಕ್ಕ" ಎಂದು ಅವರೇ ನಿಲ್ಲಿಸಿದರು, ಮೇಲಿಂದ ಇನ್ನೊಂದಿಷ್ಟು ಹಾಕಿದರು. ಆ ಹಾಲು ಪೂರ್ತಿ 1,030 ಗ್ರಾಂ ಇತ್ತು.

ಎರಡನೆಯದಕ್ಕೆ ಡೈರಿಯೇ ಬೇಕು. ನಮ್ಮ ಭಾವ ಊರಿನ ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕುತ್ತಾರೆ. ಅಲ್ಲಿಯ ಯಂತ್ರಕ್ಕೆ ಸ್ವಲ್ಪ ಹಾಲು ಕೊಟ್ಟರೆ ಒಂದೇ ನಿಮಿಷದಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಎರಡನ್ನೂ ತೋರಿಸುತ್ತದೆ. ಎರಡೂ ಬಿಡಿ ಹಾಲನ್ನು ಬೇರೆ ಬೇರೆ ಬಾಟಲಿಯಲ್ಲಿ, ಚೆನ್ನಾಗಿ ಕಲಕಿ, ಕಾಯಿಸದೆ ಒಯ್ದೆ. ಹಳ್ಳಿಯ ಹಾಲಿಗೆ ಫ್ಯಾಟ್ 3.9, ಎಸ್‌ಎನ್‌ಎಫ್ 8.5 ಬಂತು. ಬೈಕಿನವರದು 3.4 ಮತ್ತು 7.4. ಸಂಘದ ಕಾರ್ಯದರ್ಶಿ ನೋಡಿದ ಕೂಡಲೇ ಹೇಳಿದರು, "ಇದ್ರಲ್ಲಿ ಡಿಗ್ರಿನೇ ಇಲ್ಲ ಕಣಮ್ಮ, ನಾವಾಗಿದ್ರೆ ತಗೋತಿರಲಿಲ್ಲ."

ಡಿಗ್ರಿ ಅಂದರೆ ಹಾಲಿನ ಗಟ್ಟಿತನದ ಅಂಕಿ. ಅವರು ಫ್ಯಾಟ್ ನೋಡಿ ಹಾಗೆ ಹೇಳಲಿಲ್ಲ. 3.4 ಅಂದರೆ ನೀಲಿ ಪ್ಯಾಕೆಟ್ಟಿಗಿಂತ ಜಾಸ್ತಿಯೇ. ಗುಟ್ಟು ಎಸ್‌ಎನ್‌ಎಫ್‌ನಲ್ಲಿದೆ. ಫ್ಯಾಟ್ ಹಸುವಿನಿಂದ ಹಸುವಿಗೆ ತುಂಬ ಬದಲಾಗುತ್ತದೆ. ಎಚ್‌ಎಫ್ ತಳಿಯ ಹಸುವಿಗೆ ಕಡಿಮೆ, ಜರ್ಸಿಗೆ ಹೆಚ್ಚು. ಕರೆಯಲು ಶುರು ಮಾಡಿದಾಗ ಬರುವ ಹಾಲಿನಲ್ಲಿ ಕಡಿಮೆ, ಕೊನೆಯಲ್ಲಿ ಬರುವುದರಲ್ಲಿ ಹೆಚ್ಚು. ಎಸ್‌ಎನ್‌ಎಫ್ ಅಷ್ಟು ಏರಿಳಿಯುವುದಿಲ್ಲ. ಅದು 8.5ರ ಆಸುಪಾಸಿನಿಂದ 7.4ಕ್ಕೆ ಬಿದ್ದಿದೆ ಅಂದರೆ, ನೂರು ಪಾಲಿನಲ್ಲಿ ಸುಮಾರು 13 ಪಾಲು ನೀರು ಸೇರಿದೆ.

ಹಾಲಿನಲ್ಲಿ ತೇಲಿಬಿಟ್ಟು ಗಟ್ಟಿತನ ನೋಡುವ ಲ್ಯಾಕ್ಟೋಮೀಟರ್ ಇದ್ದರೆ ಸಾಲದಾ ಎಂದು ಕೇಳಬಹುದು. ಅದೊಂದೇ ಸಾಲದು. ನೀರು ಹಾಕಿದರೆ ಅದು ಕೆಳಗೆ ಮುಳುಗಿ ಕಡಿಮೆ ತೋರಿಸುತ್ತದೆ, ಕೆನೆ ತೆಗೆದರೆ ಮೇಲೆದ್ದು ಹೆಚ್ಚು ತೋರಿಸುತ್ತದೆ. ಎರಡನ್ನೂ ಮಾಡಿದ ಹಾಲು ಸರಿಯಾದ ಗೆರೆಗೇ ಬಂದು ನಿಲ್ಲಬಹುದು. ಹಾಲು ಬಿಸಿಯಿದ್ದರೂ ಅಂಕಿ ತಪ್ಪುತ್ತದೆ. ಮನೆಯಲ್ಲಿ ಬೇಗ ನೋಡುವುದಾದರೆ, ನುಣುಪಾದ ಇಳಿಜಾರಿನ ಮೇಲೆ ಒಂದು ಹನಿ ಬಿಡಿ. ಒಳ್ಳೆಯ ಹಾಲು ನಿಧಾನವಾಗಿ, ಹಿಂದೆ ಬಿಳಿ ಗೆರೆ ಉಳಿಸಿಕೊಂಡು ಇಳಿಯುತ್ತದೆ. ನೀರು ಬೆರೆತದ್ದು ಗೆರೆ ಬಿಡದೆ ಸರಕ್ಕನೆ ಜಾರುತ್ತದೆ. ನೀರಿದೆಯಾ ಎಂಬ ಅನುಮಾನಕ್ಕೆ ಇಷ್ಟು ಸಾಕು, ಎಷ್ಟಿದೆ ಎಂದು ಇದರಿಂದ ತಿಳಿಯುವುದಿಲ್ಲ.

ಈಗ ಲೆಕ್ಕ. ಬೈಕಿನವರಿಗೆ ಕೊಟ್ಟದ್ದು 60 ರೂಪಾಯಿ. 965 ಗ್ರಾಂನಲ್ಲಿ ಕೊಬ್ಬು ಮತ್ತು ಎಸ್‌ಎನ್‌ಎಫ್ ಸೇರಿದ ಸಾರ ಶೇ. 10.8, ಅಂದರೆ 104 ಗ್ರಾಂ. ಉಳಿದದ್ದೆಲ್ಲ ನೀರು. ಇದೇ ರೀತಿ ಬೇರೆಯವುಗಳನ್ನೂ ಹಾಕಿದೆ.

| ಹಾಲು | ಲೀಟರಿಗೆ ರೂ. | ಸಾರ, ಗ್ರಾಂ | ಒಂದು ಗ್ರಾಂಗೆ |
|---|---|---|---|
| ನೀಲಿ | 46 | 118 | 39 ಪೈಸೆ |
| ಹಸಿರು | 50 | 124 | 40 ಪೈಸೆ |
| ಶುಭಂ | 52 | 134 | 39 ಪೈಸೆ |
| ಹಳ್ಳಿಯ ಬಿಡಿ ಹಾಲು | 60 | 128 | 47 ಪೈಸೆ |
| ಬೈಕಿನ ಬಿಡಿ ಹಾಲು | 60 | 104 | 58 ಪೈಸೆ |

ಬಿಡಿ ಹಾಲು ಎರಡಕ್ಕೂ ಒಂದೇ ಬೆಲೆ, ಒಳಗಿನ ಸಾರದಲ್ಲಿ ಇಷ್ಟು ಅಂತರ. ಬೈಕಿನ ಹಾಲಿನ ಗಾಳಿಯನ್ನೂ ನೀರನ್ನೂ ಕಳೆದು ನೋಡಿದರೆ ಸಿಕ್ಕ ಹಾಲು ಸುಮಾರು 815 ಮಿಲಿ. ಲೀಟರಿಗೆ 73 ರೂಪಾಯಿ ಮೇಲೆ ಕೊಟ್ಟ ಹಾಗಾಯಿತು. ಕಣ್ಣೆದುರು ಕರೆದು ಕೊಡುವವರ ಹಾಲಿಗೆ ನಾನು 60 ಕೊಡಲು ಸಿದ್ಧ. ಅದು ಪ್ಯಾಕೆಟ್ಟಿಗಿಂತ ದುಬಾರಿ ಹೌದು, ಆದರೆ ಆ ದುಡ್ಡು ಹಸು ಸಾಕುವವರ ಕೈಗೇ ಹೋಗುತ್ತದೆ, ಕೆನೆಯೂ ದಪ್ಪಗೆ ಕಟ್ಟುತ್ತದೆ. ಹಸಿ ಹಾಲಾದ್ದರಿಂದ ಉಕ್ಕುವವರೆಗೆ ಕಾಯಿಸುವುದನ್ನು ಮಾತ್ರ ತಪ್ಪಿಸುವ ಹಾಗಿಲ್ಲ. ಕ್ಯಾನ್ ಹಾಲಿಗೆ ಇನ್ನೊಂದು ತೊಂದರೆ ಇದೆ. ಕೆನೆ ಮೇಲಕ್ಕೆ ಬರುತ್ತದೆ. ಕಲಕದೆ ಮೇಲಿಂದ ಅದ್ದಿ ಕೊಟ್ಟರೆ ಮೊದಲ ಮನೆಗಳಿಗೆ ಗಟ್ಟಿ, ಕೊನೆಯ ಮನೆಗಳಿಗೆ ತೆಳು. ನಿಮ್ಮ ಬೀದಿ ಕೊನೆಯದಾದರೆ ಕಲಕಿ ಹಾಕಿ ಎಂದು ಕೇಳಿ.

ನೀಲಿಗೂ ಶುಭಂಗೂ ಗ್ರಾಂ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ ಅಲ್ವಾ? ಹಾಗಾದರೆ ಯಾವುದು ತೆಗೆದುಕೊಳ್ಳಬೇಕು? ಇಲ್ಲಿ ಕೊಬ್ಬನ್ನು ಬೇರೆ ಮಾಡಿ ನೋಡಬೇಕು, ಏಕೆಂದರೆ ಕೊಬ್ಬಿನ ಗ್ರಾಂ ಹೆಚ್ಚು ಬೆಲೆಯದು. ಒಂದು ಲೀಟರ್ ನೀಲಿಯಲ್ಲಿ 31 ಗ್ರಾಂ ಕೊಬ್ಬು, ಶುಭಂನಲ್ಲಿ 46. ಹದಿನೈದು ಗ್ರಾಂ ಹೆಚ್ಚು ಕೊಬ್ಬಿಗೆ 6 ರೂಪಾಯಿ, ಅಂದರೆ ಕಿಲೋಗೆ 400. ತುಪ್ಪ ಬಹುತೇಕ ಪೂರ್ತಿ ಕೊಬ್ಬೇ, ಅದು ಅಂಗಡಿಯಲ್ಲಿ 600ರ ಮೇಲೆ. ಕೆನೆ ಕೂಡಿಸಿ, ಕಡೆದು, ತುಪ್ಪ ಕಾಯಿಸುವ ಮನೆಗೆ ಶುಭಂ ಒಳ್ಳೆಯದು. ಕೊಬ್ಬೆಲ್ಲ ಕೆನೆಗೆ ಬರುವುದಿಲ್ಲ ನಿಜ. ಆದರೆ ಹೆಚ್ಚುವರಿ ಕೊಬ್ಬಿನ ಮೂರರಲ್ಲಿ ಎರಡು ಪಾಲು ತುಪ್ಪವಾಗಿ ಕೈಗೆ ಬಂದರೂ ಕೊಟ್ಟ ದುಡ್ಡು ವಾಪಸ್. ಕೆನೆ ತೆಗೆಯದೆ ಕಾಫಿ, ಟೀ, ಮೊಸರಿಗಷ್ಟೇ ಬಳಸುವವರಿಗೆ ನೀಲಿಯೇ ಸಾಕು.

ಕೆನೆಗಾಗಿ ಕೊಳ್ಳುವವರು ಪ್ಯಾಕೆಟ್ ಮೇಲೆ ಹೋಮೋಜನೈಸ್ಡ್ ಎಂದಿದೆಯಾ ನೋಡಿ. ಅಂಥ ಹಾಲಿನಲ್ಲಿ ಕೊಬ್ಬಿನ ಕಣಗಳನ್ನು ಒತ್ತಡದಲ್ಲಿ ಒಡೆದು ಚಿಕ್ಕದು ಮಾಡಿರುತ್ತಾರೆ, ಅವು ಮೇಲೇಳುವುದಿಲ್ಲ. ಕಾಯಿಸಿ ಆರಿಸಿದರೂ ತೆಳುವಾದ ಪದರ ಅಷ್ಟೇ. ಹೋಮೋಜನೈಸ್ಡ್ ಟೋನ್ಡ್ ಹಾಲು ಸಾದಾ ಟೋನ್ಡ್‌ಗಿಂತ 1 ರೂಪಾಯಿ ಜಾಸ್ತಿ, 47. ಕೊಬ್ಬು ಎರಡರಲ್ಲೂ ಒಂದೇ. ಕಾಫಿ ಮಾತ್ರ ಇದರಲ್ಲಿ ಇನ್ನಷ್ಟು ಗಟ್ಟಿ ಅನ್ನಿಸಿತು.

ಇನ್ನು ನಂದಿನಿಯ ಗುಡ್‌ಲೈಫ್ ಥರದ ಯುಎಚ್‌ಟಿ ಹಾಲು. 2025ರ ಸೆಪ್ಟೆಂಬರ್ 22ರಿಂದ ಇದರ ಮೇಲಿದ್ದ ಶೇ. 5 ಜಿಎಸ್‌ಟಿ ಹೋಯಿತು, ಲೀಟರಿಗೆ 70 ಇದ್ದದ್ದು 68 ಆಯಿತು. ಕೊಬ್ಬು ಶೇ. 3.5, ಹಸಿರು ಪ್ಯಾಕೆಟ್ಟಿನಷ್ಟೇ. ಮಿಕ್ಕ 18 ರೂಪಾಯಿ ನಾವು ಕೊಡುವುದು ಹಾಲು ಕೆಡದೆ ಉಳಿಯುವುದಕ್ಕೆ. 135 ಡಿಗ್ರಿಗಿಂತ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಗಾಳಿ ಬೆಳಕು ತಾಗದ ಪೊಟ್ಟಣದಲ್ಲಿ ತುಂಬಿರುತ್ತಾರೆ. ಪೊಟ್ಟಣ ತೆರೆಯುವವರೆಗೆ ಫ್ರಿಜ್ ಬೇಡ, ತೆರೆದ ಮೇಲೆ ಬೇಕು. ದಿನಾ ಹಾಲು ಖರ್ಚಾಗುವ ಮನೆಗೆ ಇದು ದಂಡ. ಒಬ್ಬರೇ ಇರುವವರ ಲೆಕ್ಕ ಬೇರೆ. 24 ರೂಪಾಯಿಯ ಅರ್ಧ ಲೀಟರಿನಲ್ಲಿ ದಿನವೂ 100 ಮಿಲಿ ಒಡೆದು ಚೆಲ್ಲುತ್ತಿದ್ದರೆ, ಕುಡಿದ ಹಾಲು ಲೀಟರಿಗೆ 60 ಬೀಳುತ್ತದೆ. 150 ಮಿಲಿ ಚೆಲ್ಲಿದರೆ 68 ದಾಟುತ್ತದೆ. ಅಷ್ಟು ಚೆಲ್ಲುವವರಿಗೆ ಯುಎಚ್‌ಟಿ ಪೊಟ್ಟಣವೇ ಅಗ್ಗ, ಅದೂ ಫ್ರಿಜ್ ಇದ್ದು, ತೆರೆದ ಪೊಟ್ಟಣವನ್ನು ಎರಡು ಮೂರು ದಿನದಲ್ಲಿ ಮುಗಿಸುವ ಹಾಗಿದ್ದರೆ.