ಲೋಲಕದ ಗಡಿಯಾರ, ಸೆಲ್ ಗಡಿಯಾರ: ವಿಜಯಪುರದ ಬಿಸಿಲಿನಲ್ಲಿ ಎರಡನ್ನೂ ಬಳಸಿದ ಮೇಲೆ

ನಮ್ಮ ನಡುಮನೆಯ ಒಂದೇ ಗೋಡೆಯ ಮೇಲೆ ಎರಡು ಗಡಿಯಾರಗಳಿವೆ. ಒಂದು ಮಾವನವರ ಕಾಲದ್ದು, ವಾರಕ್ಕೊಮ್ಮೆ ಕೀಲಿ ಕೊಡಬೇಕಾದ ಲೋಲಕದ ಗಡಿಯಾರ. ಇನ್ನೊಂದು ಶಾಸ್ತ್ರಿ ಮಾರ್ಕೆಟ್ಟಿನಲ್ಲಿ ನಾನೂರೈವತ್ತು ರೂಪಾಯಿಗೆ ತಂದ ಸೆಲ್ ಗಡಿಯಾರ. ವರ್ಷಗಳಿಂದ ಎರಡನ್ನೂ ಮೊಬೈಲ್ ಸಮಯಕ್ಕೆ ಹೋಲಿಸಿ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುವುದು ನನ್ನ ಚಟ. ಮೊದಲು ಆಕಾಶವಾಣಿಯ ಬೀಪ್‌ಗೆ ಹೊಂದಿಸುತ್ತಿದ್ದೆ. ಈಗ ಆ್ಯಪ್‌ನಲ್ಲಿ ಕೇಳುವ ಆಕಾಶವಾಣಿ ಕೆಲವು ಸೆಕೆಂಡ್ ತಡವಾಗಿ ತಲುಪುವುದರಿಂದ ಅದನ್ನು ಬಿಟ್ಟಿದ್ದೇನೆ.

ನಿಖರತೆಗೆ ಅಂಕ ಕೊಡುವುದಾದರೆ ಸೆಲ್ ಗಡಿಯಾರಕ್ಕೆ ಐದಕ್ಕೆ ನಾಲ್ಕೂವರೆ, ಲೋಲಕದ್ದಕ್ಕೆ ಮೂರು. ಆದರೆ ಲೋಲಕದ ಗಡಿಯಾರ ತಪ್ಪಿದರೆ ಏಕೆ ತಪ್ಪಿತೆಂದು ಕಣ್ಣಿಗೆ ಕಾಣುತ್ತದೆ, ಕೈಯಿಂದಲೇ ತಿದ್ದಲೂಬಹುದು. ಅದಕ್ಕಾಗಿ ಇನ್ನೊಂದು ಅಂಕ ಸೇರಿಸಬೇಕೆನ್ನುವವರು ಸೇರಿಸಿಕೊಳ್ಳಲಿ.

ಲೋಲಕ ಒಮ್ಮೆ ಹೋಗಿ ಬರಲು ತೆಗೆದುಕೊಳ್ಳುವ ಕಾಲವನ್ನು ನಿರ್ಧರಿಸುವುದು ಬಹುಪಾಲು ಅದರ ಉದ್ದವೊಂದೇ. ಗುಂಡು ಭಾರವಾಗಿದ್ದರೂ ಹಗುರವಾಗಿದ್ದರೂ ಲೆಕ್ಕ ಬದಲಾಗುವುದಿಲ್ಲ. 99.4 ಸೆಂಟಿಮೀಟರ್ ಉದ್ದದ ಲೋಲಕ ಎರಡು ಸೆಕೆಂಡಿಗೊಮ್ಮೆ ಹೋಗಿ ಬರುತ್ತದೆ. ಅದರ ಕಾಲುಭಾಗ, ಅಂದರೆ ಸುಮಾರು 24.8 ಸೆಂಟಿಮೀಟರ್ ಇಟ್ಟರೆ ಒಂದು ಸೆಕೆಂಡ್ ಸಾಕು. ನಮ್ಮ ಮನೆಯದು ಈ ಎರಡನೆಯ ಜಾತಿಯದು. ಉದ್ದವನ್ನು ಮೇಲಿನ ತೆಳ್ಳನೆಯ ಸ್ಪ್ರಿಂಗ್ ಪಟ್ಟಿಯಿಂದ ಗುಂಡಿನ ನಡುಭಾಗದವರೆಗೆ ಎಂದು ಅಂದಾಜು ಮಾಡಬಹುದು. ಕಾಲವು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುವುದರಿಂದ, ಉದ್ದ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಕಾಲ ನೂರಕ್ಕೆ ಅರ್ಧದಷ್ಟು ಮಾತ್ರ ಹೆಚ್ಚುತ್ತದೆ. ಕೇಳಲು ಸಣ್ಣದೆನಿಸಿದರೂ ದಿನಕ್ಕೆ 86,400 ಸೆಕೆಂಡ್ ಇರುವುದರಿಂದ ಅದು ಏಳು ನಿಮಿಷ ದಾಟುತ್ತದೆ.

ಗುಂಡಿನ ಕೆಳಗಿರುವ ಸಣ್ಣ ನಟ್ ಇರುವುದು ಇದಕ್ಕಾಗಿಯೇ. ಮೇಲಕ್ಕೆ ತಿರುಗಿಸಿದರೆ ಗುಂಡು ಏರಿ ಲೋಲಕ ಗಿಡ್ಡವಾಗುತ್ತದೆ, ಗಡಿಯಾರ ಮುಂದೆ ಓಡುತ್ತದೆ. ಕೆಳಗಿಳಿಸಿದರೆ ಹಿಂದೆ ಬೀಳುತ್ತದೆ. ಎಣ್ಣೆ ಹಾಕಿಸಿ ತಂದಾಗ ನಮ್ಮ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ಹೆಚ್ಚಿನವರು ಇಲ್ಲಿ ನಟ್ಟನ್ನು ಸುಮ್ಮನೆ ಆ ಕಡೆ ಈ ಕಡೆ ತಿರುಗಿಸುತ್ತಾ ವಾರಗಟ್ಟಲೆ ಕಳೆಯುತ್ತಾರೆ. ಲೆಕ್ಕ ಹಾಕಿದರೆ ಅಷ್ಟು ಬೇಕಿಲ್ಲ. ಈ ಉದ್ದದ ಲೋಲಕದಲ್ಲಿ ದಿನಕ್ಕೆ ಒಂದು ನಿಮಿಷದ ವ್ಯತ್ಯಾಸಕ್ಕೆ ಸುಮಾರು 0.35 ಮಿಲಿಮೀಟರ್ ಬೇಕು, ನಾಲ್ಕು ನಿಮಿಷಕ್ಕೆ 1.4 ಮಿಲಿಮೀಟರ್. ನಮ್ಮ ನಟ್ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಏರುತ್ತದೆ. ಹಾಗಾಗಿ ಮೂರು ಸುತ್ತಿಗೆ ಸ್ವಲ್ಪ ಕಡಿಮೆ. ಅಷ್ಟು ತಿರುಗಿಸಿ ಒಂದು ದಿನ ಬಿಟ್ಟು ನೋಡಿದರೆ ಉಳಿದದ್ದು ಕೆಲವು ಸೆಕೆಂಡ್‌ಗಳಷ್ಟೇ. ನಿಮ್ಮ ನಟ್‌ನ ಎಳೆ ಬೇರೆ ಇರಬಹುದು. ಒಂದು ಪೂರ್ತಿ ಸುತ್ತು ತಿರುಗಿಸಿ, ಮರುದಿನ ಎಷ್ಟು ಬದಲಾಯಿತೆಂದು ಬರೆದುಕೊಂಡರೆ ನಿಮ್ಮ ಗಡಿಯಾರದ ಲೆಕ್ಕ ನಿಮಗೇ ಸಿಗುತ್ತದೆ.

ಇಷ್ಟೆಲ್ಲ ಹೊಂದಿಸಿದ್ದು ಜನವರಿಯಲ್ಲಿ. ಆಗ ನಡುಮನೆಯಲ್ಲಿ 22 ಡಿಗ್ರಿಯ ಸುಮಾರು. ಏಪ್ರಿಲ್ ಕೊನೆಗೆ ನಮ್ಮೂರಿನಲ್ಲಿ ಹೊರಗೆ 40 ದಾಟುತ್ತದೆ, ಒಳಗೆ ರಾತ್ರಿ ಹಗಲು ಸೇರಿಸಿ 37 ಎಂದಿಟ್ಟುಕೊಳ್ಳಿ. ಲೋಲಕದ ಕಡ್ಡಿ ಉಕ್ಕಿನದು. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೊಂದೋ ಹನ್ನೆರಡೋ ಪಾಲು ಹಿಗ್ಗುತ್ತದೆ. ಹದಿನೈದು ಡಿಗ್ರಿಗೆ ನಮ್ಮ ಕಡ್ಡಿ ಹಿಗ್ಗುವುದು 0.04 ಮಿಲಿಮೀಟರಿನಷ್ಟು, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆದರೂ ದಿನಕ್ಕೆ ಏಳೂವರೆ ಸೆಕೆಂಡ್ ಹೋಗುತ್ತದೆ. ಭಾನುವಾರ ಕೀಲಿ ಕೊಡುವ ಹೊತ್ತಿಗೆ ಗಡಿಯಾರ ಐವತ್ತು ಸೆಕೆಂಡಿನಷ್ಟು ಹಿಂದಿರುತ್ತದೆ, ಕ್ಯಾಲೆಂಡರಿನ ಅಂಚಿನಲ್ಲಿ ಪ್ರತಿ ಬೇಸಿಗೆಯೂ ಇದೇ ಸುಮಾರಿನ ಅಂಕಿಗಳಿವೆ. ಕಡ್ಡಿ ಹಿತ್ತಾಳೆಯದಾಗಿದ್ದರೆ ದಿನಕ್ಕೆ ಹನ್ನೆರಡು ಸೆಕೆಂಡ್ ಆಗುತ್ತಿತ್ತು. ಕಟ್ಟಿಗೆಯ ಕಡ್ಡಿ ಬಿಸಿಲಿಗೆ ಇವೆರಡಕ್ಕಿಂತ ಕಡಿಮೆ ಹಿಗ್ಗುತ್ತದೆ, ಆದರೆ ಮಳೆಗಾಲದ ತೇವ ಹೀರುತ್ತದೆ.

ಇದನ್ನು ತಿದ್ದಲು ಬೇಕಾದದ್ದು ಒಂದು ಸುತ್ತಿನ ಹನ್ನೆರಡನೇ ಒಂದು ಪಾಲು. ಗಡಿಯಾರದ ಮುಖದಲ್ಲಿ ಹನ್ನೆರಡರಿಂದ ಒಂದಕ್ಕೆ ಎಷ್ಟು ಓರೆಯೋ ನಟ್ಟನ್ನು ಅಷ್ಟೇ ತಿರುಗಿಸಬೇಕು. ಯುಗಾದಿಯ ಆಸುಪಾಸಿನಲ್ಲಿ ಅಷ್ಟು ಮೇಲಕ್ಕೆ, ದೀಪಾವಳಿ ಕಳೆದ ಮೇಲೆ ಅಷ್ಟೇ ಕೆಳಕ್ಕೆ.

ಊರು ಬದಲಾದರೂ ಈ ಗಡಿಯಾರಗಳನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ, ಅದಕ್ಕೆ ಬಿಸಿಲೊಂದೇ ಕಾರಣವಲ್ಲ. 1672ರಲ್ಲಿ ಜಾನ್ ರಿಷೇ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸ್ಸಿನ ಗಡಿಯಾರವನ್ನು ಸಮಭಾಜಕ ವೃತ್ತಕ್ಕೆ ಸಮೀಪದ ಕಯೆನ್‌ಗೆ ಒಯ್ದಾಗ ಅದು ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಅಲ್ಲಿ ಭೂಮಿಯ ಸೆಳೆತವೇ ಸ್ವಲ್ಪ ಕಡಿಮೆ.

ನಾನು ಬಳಸುವಾಗ ಅತಿ ಹೆಚ್ಚು ಕಾಡಿದ್ದು ಬಿಸಿಲಲ್ಲ, ಟಿಕ್ ಮತ್ತು ಟಾಕ್‌ಗಳ ನಡುವಿನ ಅಂತರ. ಬಣ್ಣ ಹೊಡೆಸಿದ ನಂತರ ಗಡಿಯಾರವನ್ನು ಮತ್ತೆ ಮೊಳೆಗೆ ಹಾಕಿದಾಗ ಅದು ಅರ್ಧ ಗಂಟೆಗೊಮ್ಮೆ ನಿಲ್ಲತೊಡಗಿತು. ಗಡಿಯಾರ ರಿಪೇರಿಯ ಚಾಚಾ ಮನೆಗೆ ಬಂದು, ಪೆಟ್ಟಿಗೆಯನ್ನು ಮುಟ್ಟುವ ಮೊದಲು ಕಣ್ಣು ಮುಚ್ಚಿ ಕಿವಿಗೊಟ್ಟರು. "ಅಕ್ಕಾವರೇ, ಇದು ಕುಂಟುತ್ತಿದೆ. ಯಂತ್ರಕ್ಕೆ ಏನೂ ಆಗಿಲ್ಲ, ಪೆಟ್ಟಿಗೆ ಓರೆಯಾಗಿದೆ" ಎಂದರು. ಪೆಟ್ಟಿಗೆಯ ಕೆಳತುದಿಯನ್ನು ಸ್ವಲ್ಪ ಎಡಕ್ಕೆ ಸರಿಸಿದಾಗ ಟಿಕ್, ಟಾಕ್ ಎರಡೂ ಸಮ ಅಂತರಕ್ಕೆ ಬಂದವು. ಲೋಲಕ ಪ್ರತಿ ಸಲ ತೂಗಿದಾಗಲೂ ಲಂಗರಿನಾಕಾರದ ತುಂಡೊಂದು ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲು ಬಿಡುತ್ತದೆ. ಅದೇ ಹೊತ್ತಿಗೆ ಚಕ್ರವೂ ಲೋಲಕವನ್ನು ಸಣ್ಣದಾಗಿ ತಳ್ಳುತ್ತದೆ. ಪೆಟ್ಟಿಗೆ ಓರೆಯಾದರೆ ಒಂದು ಬದಿಯ ತಳ್ಳು ಬೇಗ, ಇನ್ನೊಂದು ಬದಿಯದು ತಡ. ಕೊನೆಗೆ ಲೋಲಕದ ತೂಗು ಒಂದು ಬದಿಯ ಹಲ್ಲನ್ನು ಬಿಡಿಸುವಷ್ಟು ದೂರ ಹೋಗದೆ ಗಡಿಯಾರ ನಿಲ್ಲುತ್ತದೆ. ಚಾಚಾ ಅಂದಿನಿಂದ ಪೆಟ್ಟಿಗೆಯ ಕೆಳಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದಾರೆ.

ಸ್ಪ್ರಿಂಗ್‌ನ ಬಲ ವಾರದ ಕೊನೆಗೆ ಕುಂದುವುದೂ ಒಂದು ತೊಡಕು. ಬಲ ಕಡಿಮೆಯಾದರೆ ತೂಗು ಕಿರಿದಾಗುತ್ತದೆ. ಐದು ಡಿಗ್ರಿಯಿಂದ ನಾಲ್ಕಕ್ಕೆ ಇಳಿದರೆ, ಬರೀ ಲೋಲಕದ ಲೆಕ್ಕದಲ್ಲಿ ಗಡಿಯಾರ ದಿನಕ್ಕೆ ಹದಿನೈದು ಸೆಕೆಂಡ್ ಮುಂದೆ ಓಡಬೇಕು. ಲಂಗರಿನ ಒತ್ತಡ ಇದಕ್ಕೆ ವಿರುದ್ಧವಾಗಿ ಎಳೆಯುವುದರಿಂದ ನಿಜದಲ್ಲಿ ಅಷ್ಟು ಕಾಣುವುದಿಲ್ಲ. ಪ್ರತಿ ವಾರ ಅದೇ ದಿನ ಕೀಲಿ ಕೊಟ್ಟರೆ ಏರುಪೇರು ವಾರದಿಂದ ವಾರಕ್ಕೆ ಒಂದೇ ತೆರನಾಗಿರುತ್ತದೆ, ಬೇಕಾದದ್ದು ಅಷ್ಟೇ.

ಇನ್ನು ಸೆಲ್ ಗಡಿಯಾರ. ಇದರ ಬೆನ್ನಿನ ಕಪ್ಪು ಡಬ್ಬಿಯೊಳಗೆ ಕೆಲವೇ ಮಿಲಿಮೀಟರ್ ಉದ್ದದ ಲೋಹದ ಕೊಳವೆಯಿದೆ, ಅದರಲ್ಲಿ ಶ್ರುತಿಕವೆಯ ಆಕಾರಕ್ಕೆ ಕತ್ತರಿಸಿದ ಕ್ವಾರ್ಟ್ಸ್ ಹರಳು. ಕ್ವಾರ್ಟ್ಸ್ ಬಾಗಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ, ವಿದ್ಯುತ್ತು ಕೊಟ್ಟರೆ ಅದು ಬಾಗುತ್ತದೆ. ಮೊದಲನೆಯದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು, ಎರಡನೆಯದನ್ನು ಮರುವರ್ಷ ಖಚಿತಪಡಿಸಿದರು. ಈ ಕವೆ ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಕತ್ತರಿಸಿರುತ್ತಾರೆ. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಹದಿನೈದನೆಯ ಮೆಟ್ಟಿಲಲ್ಲಿ ಈ ಸಂಖ್ಯೆ ಬರುತ್ತದೆ. ಹಾಗಾಗಿ ಚಿಪ್ ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ ಉಳಿಯುತ್ತದೆ. ಆ ಮಿಡಿತ ಸಣ್ಣ ಮೋಟಾರನ್ನು ಅರ್ಧ ಸುತ್ತು ತಿರುಗಿಸುತ್ತದೆ, ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಇಡುತ್ತದೆ.

ಹರಳು ಲೋಲಕವನ್ನು ಮೀರಿಸುವುದು ಬರೀ ವೇಗದಿಂದಲ್ಲ. ನಮ್ಮ ಲೋಲಕವನ್ನು ತಳ್ಳುವುದು ನಿಲ್ಲಿಸಿದರೆ ಗಾಳಿಯ ತಡೆಗೆ ಸಿಕ್ಕಿ ಕೆಲವು ನೂರು ತೂಗಿನಲ್ಲಿ ಸೋಲುತ್ತದೆ. ಹರಳು ಗಾಳಿಯಿಲ್ಲದ ಕೊಳವೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಲ ಕಂಪಿಸಿದ ಮೇಲೂ ದಣಿಯುವುದಿಲ್ಲ. ಅದಕ್ಕೆ ಬೇಕಾದ ತಳ್ಳು ತೀರ ಸಣ್ಣದು, ತಳ್ಳುವವನಿಂದ ಬರುವ ತಪ್ಪೂ ಅಷ್ಟೇ ಸಣ್ಣದು.

ಆದರೆ ಬಿಸಿಲಿಗೆ ಇದೂ ಹಿಂದೆ ಬೀಳುತ್ತದೆ, ಬೇರೆ ರೀತಿಯಲ್ಲಿ. ಲೋಲಕಕ್ಕೆ ಪ್ರತಿ ಡಿಗ್ರಿಗೂ ಒಂದೇ ದರ, ಚಳಿಯಲ್ಲಿ ಮುಂದೆ, ಸೆಕೆಯಲ್ಲಿ ಹಿಂದೆ. ಕ್ವಾರ್ಟ್ಸ್ ಕವೆಗೆ 25 ಡಿಗ್ರಿಯ ಸುಮಾರಿನಲ್ಲಿ ಓಟ ಗರಿಷ್ಠ, ಅಲ್ಲಿಂದ ಯಾವ ಕಡೆ ಸರಿದರೂ ಅದು ನಿಧಾನವಾಗುತ್ತದೆ. ಸರಿದ ಅಂತರದ ವರ್ಗಕ್ಕೆ ತಕ್ಕಂತೆ ನಷ್ಟ ಹೆಚ್ಚುತ್ತದೆ. ನಮ್ಮ ಗಡಿಯಾರ ಚಳಿಗಾಲದಲ್ಲಿ ತಿಂಗಳಿಗೆ ಒಂಬತ್ತು ಸೆಕೆಂಡ್ ಮುಂದೆ ಹೋಗುತ್ತದೆ, ಅದು ಆ ಹರಳನ್ನು ಕತ್ತರಿಸಿದ ರೀತಿಯ ಫಲ. 37 ಡಿಗ್ರಿಯಲ್ಲಿ ಹರಳು ದಿನಕ್ಕೆ ಸುಮಾರು 0.4 ಸೆಕೆಂಡ್ ಕಳೆದುಕೊಳ್ಳುತ್ತದೆ, ತಿಂಗಳಿಗೆ ಹನ್ನೆರಡು ಅಥವಾ ಹದಿಮೂರು. ಒಂಬತ್ತರ ಗಳಿಕೆ ಕರಗಿ ಬೇಸಿಗೆಯಲ್ಲಿ ಮೂರೋ ನಾಲ್ಕೋ ಸೆಕೆಂಡ್ ಹಿಂದೆ ಬೀಳುತ್ತದೆ. ಮಧ್ಯಾಹ್ನದ ಬಿಸಿಲು ಹೊಡೆಯುವ ಪಡುವಣ ಗೋಡೆಗೋ ತಗಡಿನ ಕೋಣೆಗೋ ಹಾಕಿ 45 ಡಿಗ್ರಿ ಮುಟ್ಟಿದರೆ ನಷ್ಟ ದಿನಕ್ಕೆ ಒಂದು ಸೆಕೆಂಡನ್ನೂ ದಾಟುತ್ತದೆ. ಕೈಗಡಿಯಾರಕ್ಕೆ ಮೈಯ ಶಾಖ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಈ ಏರುಪೇರು ಅಷ್ಟಾಗಿ ಮುಟ್ಟುವುದಿಲ್ಲ.

ಸೆಲ್ ಮುಗಿಯುತ್ತಾ ಬಂದರೆ ಗಡಿಯಾರ ನಿಧಾನವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಧಾನವಾಗುವುದು ಹರಳಲ್ಲ. ಅದು ತನ್ನ ಲೆಕ್ಕ ಬಿಡುವುದಿಲ್ಲ, ಮೋಟಾರಿಗೆ ಮುಳ್ಳನ್ನು ಎತ್ತುವ ಶಕ್ತಿ ಸಾಲದೆ ಹೆಜ್ಜೆಗಳು ತಪ್ಪುತ್ತವೆ. ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ಅಡ್ಡಲಾಗಿ ಮಲಗಿ ಮೇಲೇರಬೇಕಾದ ಕಡೆಯಲ್ಲೇ ನಿಂತು ಮಿಡುಕುತ್ತಿದ್ದರೆ ಸೆಲ್ ಬದಲಿಸಿ. ಹೊಸ ಸೆಲ್ ಹಾಕಿದರೂ ಮಿಡುಕಿದರೆ ಮಷಿನ್ ಬದಲಿಸುವುದೇ ಸರಿ, ನಮ್ಮ ಮಾರ್ಕೆಟ್ಟಿನಲ್ಲಿ ನೂರೈವತ್ತು ರೂಪಾಯಿಯೊಳಗೆ ಆಗುತ್ತದೆ. ನಿಂತ ಗಡಿಯಾರದಲ್ಲಿ ಸೆಲ್ ಬಿಟ್ಟಿಡಬೇಡಿ, ಅದು ಸೋರಿ ಪತ್ತಿಗಳನ್ನು ತಿನ್ನುತ್ತದೆ.

ಹಳೆಯ ಲೋಲಕದ ಗಡಿಯಾರ ಕೊಳ್ಳುವ ಮನಸ್ಸಿದ್ದವರಿಗೆ ಒಂದು ಮಾತು. ಅಂಗಡಿಯವರು ಪೆಟ್ಟಿಗೆಗೆ ಹೊಡೆದ ಪಾಲಿಶ್ ತೋರಿಸುತ್ತಾರೆ, ನೀವು ಲೋಲಕ ನೇತಾಡುವ ತೆಳ್ಳನೆಯ ಸ್ಪ್ರಿಂಗ್ ಪಟ್ಟಿಯನ್ನು ನೋಡಿ. ಅದು ಮಡಚಿದ್ದರೆ ಲೋಲಕ ನೇರವಾಗಿ ತೂಗದೆ ಹಾವಿನಂತೆ ತಿರುಚಿಕೊಳ್ಳುತ್ತದೆ. ಪಟ್ಟಿಯ ಬೆಲೆ ಕಡಿಮೆ, ಆದರೆ ಅಳತೆಗೆ ತಕ್ಕದ್ದು ಸಿಗುವುದು ಕಷ್ಟ. ಒಯ್ಯುವಾಗ ಲೋಲಕವನ್ನು ಬಿಚ್ಚಿ ಬೇರೆಯಾಗಿ ಸುತ್ತಿಕೊಳ್ಳಿ. ನಟ್ ಈಗ ಎಲ್ಲಿ ನಿಂತಿದೆ ಎಂಬುದಕ್ಕೆ ಕಡ್ಡಿಯ ಮೇಲೆ ಸಣ್ಣ ಗುರುತು ಹಾಕಿಕೊಂಡಿದ್ದರೆ ಮನೆಗೆ ಬಂದ ಮೇಲೆ ಹೊಂದಿಸುವ ಕೆಲಸ ಅರ್ಧ ಮುಗಿದಂತೆಯೇ.